ಕಳೆ ಯಂತ್ರದ ಹೊಟ್ಟೆಗೆ ಯಾವ ಎಣ್ಣೆ?

ಆಗಸ್ಟ್ ಬಂತೆಂದರೆ ಮಲೆನಾಡು, ಕರಾವಳಿಯ ಸಣ್ಣ ಪೇಟೆಗಳ ರಿಪೇರಿ ಅಂಗಡಿಗಳ ಮುಂದೆ ಕಳೆ ಕೊಚ್ಚುವ ಯಂತ್ರಗಳು ಗೋಡೆಗೆ ಒರಗಿ ಸಾಲುಗಟ್ಟುತ್ತವೆ. ಅಡಿಕೆ, ಕಾಫಿ ತೋಟಗಳಲ್ಲಿ ಮಳೆಗೆ ಸೊಕ್ಕಿ ಬೆಳೆದ ಹುಲ್ಲನ್ನು ಸವರುವ ಕಾಲ ಅದು. ಒಂದಕ್ಕೆ ಬ್ಲೇಡಿನ ತೊಂದರೆ, ಇನ್ನೊಂದಕ್ಕೆ ಕ್ಲಚ್ಚಿನದು. ಆದರೆ ‘ಚೆನ್ನಾಗೇ ಓಡ್ತಿತ್ತು, ಇದ್ದಕ್ಕಿದ್ದಂತೆ ನಿಂತುಬಿಡ್ತು, ಈಗ ಹಗ್ಗ ಎಳೆದರೆ ಹಿಡಿತವೇ ಇಲ್ಲ’ ಎಂಬ ದೂರು ಹೊತ್ತು ಬಂದ ಯಂತ್ರವನ್ನು ಕಂಡರೆ ಅನುಭವಿ ಮೆಕ್ಯಾನಿಕ್ ಬಿಚ್ಚುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ಪೆಟ್ರೋಲಿಗೆ ಆಯಿಲ್ ಹಾಕಿದ್ರಾ? ಎಷ್ಟು ಹಾಕಿದ್ರಿ?’

ಉತ್ತರ ಏನೇ ಬರಲಿ, ಆತ ಸೈಲೆನ್ಸರಿನ ಬೋಲ್ಟುಗಳನ್ನು ಕಳಚಿ, ಹೊಗೆ ಹೊರಹೋಗುವ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡುತ್ತಾನೆ. ಹಗ್ಗವನ್ನು ನಿಧಾನ ಎಳೆದರೆ ಆ ಕಿಂಡಿಯಲ್ಲಿ ಪಿಸ್ಟನ್ನಿನ ಮೈ ಮೇಲೆ ಕೆಳಗೆ ಸರಿಯುವುದು ಕಾಣುತ್ತದೆ. ಮೈ ನುಣುಪಾಗಿ ಹೊಳೆಯುತ್ತಿದ್ದರೆ ಜೀವ ಇದೆ ಎಂದರ್ಥ. ಉದ್ದುದ್ದಕ್ಕೆ ಗೀರು ಬಿದ್ದಿದ್ದರೆ, ಅಲ್ಯುಮಿನಿಯಂ ಕರಗಿ ಮೆತ್ತಿದಂತಿದ್ದರೆ ಎಂಜಿನ್ ಸೀಜ್ ಆಗಿದೆ. ಗೀರು ಸೈಲೆನ್ಸರ್ ಕಡೆಯ ಮುಖದಲ್ಲಷ್ಟೇ ಇದ್ದರೆ ಹೆಚ್ಚಾಗಿ ಅದು ವಿಪರೀತ ಕಾವಿನ ಗುರುತು. ಸುತ್ತಲೂ ಇದ್ದರೆ ಎಣ್ಣೆಯೇ ಇಲ್ಲದೆ ಓಡಿದ್ದರ ಗುರುತು. ಬೋರ್, ಪಿಸ್ಟನ್, ರಿಂಗ್ ಎಲ್ಲ ಬದಲಿಸುವ ಹೊತ್ತಿಗೆ ಯಂತ್ರದ ಬೆಲೆಯಲ್ಲಿ ಒಂದು ದೊಡ್ಡ ಪಾಲು ಮತ್ತೆ ಕೈಬಿಡುತ್ತದೆ. ಅಲ್ಲಿಗೆ ತಂದು ನಿಲ್ಲಿಸಿದ್ದು ಬಹುತೇಕ ಸಲ ಕೆಲವೇ ಮಿಲಿಲೀಟರ್ ಎಣ್ಣೆಯ ಲೆಕ್ಕ.

ಈ ಲೆಕ್ಕ ಅರ್ಥವಾಗಬೇಕಾದರೆ ಎಂಜಿನ್ನಿನೊಳಗೆ ಎಣ್ಣೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ನೋಡಬೇಕು. ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎಂಬ ವ್ಯತ್ಯಾಸದಲ್ಲಿ ಬಳಸುವವರಿಗೆ ನಿಜವಾಗಿ ಮುಖ್ಯವಾದದ್ದು ಇದೇ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಗೆ ತನ್ನದೇ ಮನೆ ಇದೆ. ಪಿಸ್ಟನ್ನಿನ ಕೆಳಗಿನ ಚೇಂಬರಿನಲ್ಲೋ ಅದಕ್ಕೆ ಅಂಟಿದ ಪುಟ್ಟ ತೊಟ್ಟಿಯಲ್ಲೋ ಎಣ್ಣೆ ನಿಂತಿರುತ್ತದೆ. ಎಂಜಿನ್ ಓಡುವಾಗ ಅದು ಚಿಮ್ಮಿಯೋ ಮಂಜಿನಂತೆ ಹರಡಿಯೋ ಬೇರಿಂಗ್, ಕ್ರ್ಯಾಂಕು, ಸಿಲಿಂಡರ್ ಗೋಡೆಗಳನ್ನು ತೋಯಿಸಿ ಮತ್ತೆ ಅದೇ ತೊಟ್ಟಿಗೆ ಇಳಿಯುತ್ತದೆ. ಪೆಟ್ರೋಲ್ ಟ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದ ಟ್ಯಾಂಕಿಗೆ ಬರಿ ಪೆಟ್ರೋಲ್, ತೊಟ್ಟಿಗೆ ಎಂಜಿನ್ ಆಯಿಲ್.

ಟೂ ಸ್ಟ್ರೋಕಿನಲ್ಲಿ ಆ ತೊಟ್ಟಿಗೆ ಜಾಗವೇ ಇಲ್ಲ. ಪಿಸ್ಟನ್ನಿನ ಕೆಳಗಿನ ಚೇಂಬರಿಗೆ ಅಲ್ಲಿ ಬೇರೆ ಕೆಲಸವಿದೆ. ಕಾರ್ಬುರೇಟರಿನಿಂದ ಬಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಆ ಚೇಂಬರಿಗೇ ನುಗ್ಗುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಅದನ್ನು ಒತ್ತಿ, ಪಕ್ಕದ ಕಿಂಡಿಗಳ ಮೂಲಕ ಮೇಲಿನ ಸಿಲಿಂಡರಿಗೆ ತಳ್ಳುತ್ತದೆ. ಇಂಗ್ಲೆಂಡಿನ ಜೋಸೆಫ್ ಡೇ 1891ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ತಿರುಳು ಇದು. ಇಂದಿನ ಸಣ್ಣ ಟೂ ಸ್ಟ್ರೋಕ್ ಯಂತ್ರಗಳೂ ಅದೇ ದಾರಿಯಲ್ಲಿ ಉಸಿರಾಡುತ್ತವೆ. ಇಂಧನ ಹಾದುಹೋಗುವ ಕೋಣೆಯಲ್ಲಿ ಎಣ್ಣೆಯನ್ನು ನಿಲ್ಲಿಸಿಡಲಾಗದು. ಹಾಗಾಗಿ ಎಣ್ಣೆಯನ್ನು ಪೆಟ್ರೋಲಿನಲ್ಲೇ ಕಲಸಿ ಕಳಿಸುತ್ತಾರೆ. ಬಿಸಿ ತಗುಲಿ ಪೆಟ್ರೋಲ್ ಆವಿಯಾದಾಗ ಎಣ್ಣೆಯ ತೆಳು ಪದರ ಬೇರಿಂಗುಗಳ ಮೇಲೆ, ಸಿಲಿಂಡರ್ ಗೋಡೆಯ ಮೇಲೆ ಕೂರುತ್ತದೆ, ತನ್ನ ಕೆಲಸ ಮುಗಿಸಿ ಮೇಲೆ ಹೋಗಿ ಸುಡುತ್ತದೆ. ಪ್ರತಿ ಕ್ಷಣವೂ ಹೊಸ ಎಣ್ಣೆ ಬರುತ್ತಲೇ ಇರಬೇಕು. ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುವ ಎಂಜಿನ್ನಿಗೆ ಬರಿ ಪೆಟ್ರೋಲ್ ಕೊಟ್ಟರೆ ಆ ಪದರ ಬಹುಬೇಗ ತೊಳೆದುಹೋಗಿ, ಲೋಹಕ್ಕೆ ಲೋಹ ಉಜ್ಜುತ್ತದೆ.

ಹಾಗಿದ್ದರೆ ಟೂ ಸ್ಟ್ರೋಕ್ ಯಾಕೆ ಇನ್ನೂ ಉಳಿದಿದೆ? ಹಗುರ, ಬಿಡಿಭಾಗ ಕಡಿಮೆ, ಗುಡ್ಡದ ಇಳಿಜಾರಿನಲ್ಲಿ ಹೇಗೆ ಓರೆ ಮಾಡಿದರೂ ಎಣ್ಣೆ ತಪ್ಪಿಹೋಗುವ ಭಯವಿಲ್ಲ. ದಿನವಿಡೀ ಹೆಗಲಿಗೆ ತೂಗುಹಾಕಿಕೊಂಡು ಕೆಲಸ ಮಾಡುವವರಿಗೆ ಅರ್ಧ ಕಿಲೋ ವ್ಯತ್ಯಾಸವೂ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ಆದರೆ ಹೊಸ ಮಿಶ್ರಣ ಒಳಬರುವಾಗ ಹೊಗೆಕಿಂಡಿಯೂ ತೆರೆದೇ ಇರುವುದರಿಂದ ಇಂಧನದ ಒಂದು ಪಾಲು ಸುಡದೆಯೇ ಹೊರಗೆ ಹಾರುತ್ತದೆ. ಅದೇ ಕೆಲಸಕ್ಕೆ ಫೋರ್ ಸ್ಟ್ರೋಕ್ ಕಡಿಮೆ ಕುಡಿಯುತ್ತದೆ, ಹೊಗೆಯೂ ವಾಸನೆಯೂ ಕಡಿಮೆ.

ಇಷ್ಟಾದರೂ ಮೈಮೇಲಿನ ಸ್ಟಿಕ್ಕರ್ ನೋಡಿ ಇಂಧನ ನಿರ್ಧರಿಸುವುದು ಸರಿಯಲ್ಲ. ಜರ್ಮನಿಯ ಸ್ಟಿಲ್ ಕಂಪನಿಯ ‘4-ಮಿಕ್ಸ್’ ಎಂಜಿನ್ನುಗಳು ಕೆಲಸ ಮಾಡುವುದು ಫೋರ್ ಸ್ಟ್ರೋಕಿನಂತೆ, ಅವಕ್ಕೆ ವಾಲ್ವುಗಳೂ ಇವೆ. ಎಣ್ಣೆಯ ತೊಟ್ಟಿ ಮಾತ್ರ ಇಲ್ಲ. ಅವು ಟೂ ಸ್ಟ್ರೋಕಿನ ಹಾಗೆ ಎಣ್ಣೆ ಕಲಸಿದ ಪೆಟ್ರೋಲನ್ನೇ ಕುಡಿಯಬೇಕು. ‘ಫೋರ್ ಸ್ಟ್ರೋಕ್ ತಾನೇ’ ಎಂದು ಬರಿ ಪೆಟ್ರೋಲ್ ಸುರಿದರೆ ಅದರ ಗತಿಯೂ ಅಷ್ಟೇ. ಹಾಗಾಗಿ ಹೊಸ ಯಂತ್ರ ಕೈಗೆ ಬಂದಾಗ ನೋಡಬೇಕಾದ ಗುರುತು ಎರಡು. ಎಂಜಿನ್ನಿನ ಕೆಳಭಾಗದಲ್ಲಿ ಎಣ್ಣೆ ತುಂಬಲು ಪ್ರತ್ಯೇಕ ಮುಚ್ಚಳ ಇದ್ದರೆ ಟ್ಯಾಂಕಿಗೆ ಬರಿ ಪೆಟ್ರೋಲ್. ಅದಿಲ್ಲದೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಪಂಪಿನ ಚಿತ್ರದ ಜೊತೆ ಎಣ್ಣೆಯ ಹನಿಯೋ ‘50:1’ ಎಂಬಂಥ ಅಂಕಿಯೋ ಇದ್ದರೆ ಮಿಶ್ರಣ.

ಇನ್ನು ಆ ಅಂಕಿಯ ವಿಷಯ. ಐವತ್ತಕ್ಕೆ ಒಂದು ಎಂದರೆ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಲೀಟರಿಗೆ 20 ಮಿಲಿ. ನಲವತ್ತಕ್ಕೆ ಒಂದಾದರೆ 25 ಮಿಲಿ. ಇಪ್ಪತ್ತೈದಕ್ಕೆ ಒಂದಾದರೆ 40 ಮಿಲಿ. ಮೂರೂ ಅಂಕಿಗಳು ತೋಟದವರ ಬಾಯಲ್ಲಿ ಓಡಾಡುತ್ತವೆ, ಮೂರೂ ಒಂದೊಂದು ಕಡೆ ಸರಿ. ಗೊಂದಲ ಹುಟ್ಟುವುದು ಒಂದು ಯಂತ್ರದ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದಾಗ.

ಈ ಅಂಕಿ ಯಂತ್ರದ ಮೇಲೆ ಎಷ್ಟು ನಿಂತಿದೆಯೋ ಎಣ್ಣೆಯ ಗುಣದ ಮೇಲೂ ಅಷ್ಟೇ ನಿಂತಿದೆ. ಸ್ಟಿಲ್ ತನ್ನ ಟೂ ಸ್ಟ್ರೋಕ್ ಯಂತ್ರಗಳಿಗೆ ತನ್ನದೇ ಎಣ್ಣೆಯಾದರೆ 50:1 ಸಾಕು, ಬೇರೆ ಸಾಮಾನ್ಯ ಟಿಸಿ ದರ್ಜೆಯ ಎಣ್ಣೆಯಾದರೆ 25:1 ಎಂದು ಕೈಪಿಡಿಗಳಲ್ಲಿ ಹೇಳುತ್ತ ಬಂದಿದೆ. ಹಸ್ಕ್‌ವರ್ನ ಕೂಡ ತನ್ನ ಎಣ್ಣೆಗೆ 50:1, ಕೆಳದರ್ಜೆಯ ಎಣ್ಣೆಗೆ 33:1 ಎನ್ನುತ್ತದೆ. ಒಂದೇ ಯಂತ್ರ, ಎಣ್ಣೆ ಬದಲಾದರೆ ಅಳತೆ ಹೆಚ್ಚುಕಡಿಮೆ ಇಮ್ಮಡಿ! ತನ್ನ ಡಬ್ಬಿ ಮಾರುವ ಆಸೆ ಇದರ ಹಿಂದೆ ಇಲ್ಲವೆನ್ನಲಾಗದು. ಆದರೆ ಕಾರಣವೂ ಗಟ್ಟಿಯಾಗಿದೆ. ಒಳ್ಳೆಯ ಎಣ್ಣೆಯ ಪದರ ಕಾವಿಗೆ ಬೇಗ ಹರಿಯುವುದಿಲ್ಲ, ಸುಟ್ಟಾಗ ಮಸಿ ಕಡಿಮೆ ಬಿಡುತ್ತದೆ.

ಎಣ್ಣೆಯ ಗುಣವನ್ನು ಬ್ರ್ಯಾಂಡಿನ ಹೆಸರಿಗಿಂತ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳು ಚೆನ್ನಾಗಿ ಹೇಳುತ್ತವೆ. ಜಪಾನಿನ ಜಾಸೋ ಮಾನಕದಲ್ಲಿ ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂಬ ಮೆಟ್ಟಿಲುಗಳಿವೆ. ಎಫ್‌ಸಿ ಎಂದರೆ ಹೊಗೆ ಕಡಿಮೆ ಇರುವ ಎಣ್ಣೆ. ಎಫ್‌ಡಿ ಎಂದರೆ ಅದರ ಜೊತೆಗೆ ಪಿಸ್ಟನ್ನನ್ನು ಇನ್ನಷ್ಟು ಶುಚಿಯಾಗಿಡುವ ಗುಣವೂ ಇರುವಂಥದು. ಕಳೆ ಯಂತ್ರಕ್ಕೆ ಎಫ್‌ಸಿ ಅಥವಾ ಎಫ್‌ಡಿ ನೋಡಿ ತರಬೇಕು. ಹಳೆಯ ಸ್ಕೂಟರು, ಬೈಕುಗಳಿಗಾಗಿ ಬಂಕಿನಲ್ಲಿ ಸಿಗುವ ಟೂಟಿ ಆಯಿಲ್ ಮೇಲೆ ಈ ದರ್ಜೆ ಬರೆದಿದ್ದರೆ ಅದೂ ನಡೆಯುತ್ತದೆ. ಅಳತೆ ಮಾತ್ರ ಕೈಪಿಡಿಯಲ್ಲಿ ‘ಇತರ ಎಣ್ಣೆ’ಗೆ ಕೊಟ್ಟಿರುವುದೇ ಆಗಬೇಕು. ಕರಾವಳಿಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ದೋಣಿಯ ಔಟ್‌ಬೋರ್ಡ್ ಎಂಜಿನ್ನಿಗೆಂದು ಮಾರುವ ಟಿಸಿ-ಡಬ್ಲ್ಯೂ3 ಎಣ್ಣೆಯೂ ಟೂ ಸ್ಟ್ರೋಕಿನದೇ. ಆದರೆ ಅದನ್ನು ಮಾಡಿರುವುದು ನೀರಿನಿಂದ ತಣ್ಣಗಾಗುವ ಎಂಜಿನ್ನಿಗೆ. ಗಾಳಿಯಿಂದಷ್ಟೇ ತಣಿಯಬೇಕಾದ, ಅದಕ್ಕಿಂತ ಬಹಳ ಬಿಸಿಯಾಗುವ ಕಳೆ ಯಂತ್ರಕ್ಕೆ ಅದು ಹೊಂದುವುದಿಲ್ಲ.

ಎಣ್ಣೆ ಮುಗಿದಾಗ ಬೈಕಿನ ಫೋರ್ ಸ್ಟ್ರೋಕ್ ಎಂಜಿನ್ ಆಯಿಲನ್ನೇ ಪೆಟ್ರೋಲಿಗೆ ಬೆರೆಸುವವರಿದ್ದಾರೆ. ಆ ಎಣ್ಣೆಯನ್ನು ಸುಡುವುದಕ್ಕೆಂದು ಮಾಡಿದ್ದಲ್ಲ. ಅದರೊಳಗಿನ ಲೋಹಾಂಶದ ಸೇರ್ಪಡೆಗಳು ಉರಿದು ಬೂದಿಯಾಗಿ ಪ್ಲಗ್ಗಿನ ತುದಿಗೂ ಪಿಸ್ಟನ್ನಿನ ತಲೆಗೂ ಮೆತ್ತುತ್ತವೆ. ಸರ್ವೀಸಿನಲ್ಲಿ ಇಳಿಸಿದ ಕಪ್ಪೆಣ್ಣೆಯಂತೂ ಬೇಡವೇ ಬೇಡ. ಅದರಲ್ಲಿ ಸವೆದ ಲೋಹದ ಪುಡಿಯೇ ತೇಲುತ್ತಿರುತ್ತದೆ.

ಒಂದು ತೋಟದ ಲೆಕ್ಕವನ್ನು ಪೂರ್ತಿ ಹಾಕಿ ನೋಡೋಣ. ನಾಲ್ಕು ಎಕರೆ ಅಡಿಕೆ ತೋಟ, ಮನೆಯಲ್ಲಿ ಎರಡು ಯಂತ್ರ. ಒಂದು ನಲವತ್ತು ಸಿಸಿ ಆಸುಪಾಸಿನ ಟೂ ಸ್ಟ್ರೋಕ್. ಕೈಪಿಡಿಯಲ್ಲಿ 50:1, ಎಫ್‌ಡಿ ದರ್ಜೆಯ ಎಣ್ಣೆ ಎಂದಿದೆ. ಇನ್ನೊಂದು ಹೋಂಡಾದ ಜಿಎಕ್ಸ್35 ಎಂಜಿನ್ ಕೂರಿಸಿದ ಫೋರ್ ಸ್ಟ್ರೋಕ್, 35.8 ಸಿಸಿ. ಹುಲ್ಲು ದಟ್ಟವಿದ್ದು ಪೂರ್ತಿ ಎಕ್ಸಿಲರೇಟರಿನಲ್ಲಿ ಹೊಡೆದರೆ ಟೂ ಸ್ಟ್ರೋಕಿಗೆ ಅಂದಾಜು ಗಂಟೆಗೆ ಒಂದು ಲೀಟರ್, ಫೋರ್ ಸ್ಟ್ರೋಕಿಗೆ ಮುಕ್ಕಾಲು ಲೀಟರಿನ ಒಳಗೆ. ದಿನಕ್ಕೆ ನಾಲ್ಕು ಗಂಟೆ ಕೆಲಸ ಎಂದುಕೊಂಡರೆ ಟೂ ಸ್ಟ್ರೋಕಿಗೆ ನಾಲ್ಕು ಲೀಟರ್ ಮಿಶ್ರಣ, ಎಣ್ಣೆ 80 ಮಿಲಿ ಬೇಕು.

ಈ 80 ಮಿಲಿಯನ್ನು ಅಳೆಯುವುದರಲ್ಲೇ ಹೆಚ್ಚಿನವರು ಎಡವುವುದು. ‘ಲೀಟರಿಗೆ ಎರಡು ಮುಚ್ಚಳ’ ಎಂಬ ಲೆಕ್ಕ ಊರೂರಲ್ಲಿದೆ. ಡಬ್ಬಿ ಬದಲಾದರೆ ಮುಚ್ಚಳದ ಅಳತೆಯೂ ಬದಲಾಗುತ್ತದೆ. ಒಂದರ ಮುಚ್ಚಳ 10 ಮಿಲಿ ಹಿಡಿದರೆ ಇನ್ನೊಂದರದ್ದು 5 ಮಿಲಿಯನ್ನಷ್ಟೇ ಹಿಡಿದೀತು. ಮೆಡಿಕಲ್ ಅಂಗಡಿಯ 20 ಮಿಲಿ ಸಿರಿಂಜು, ಸೂಜಿ ತೆಗೆದು ಬಳಸಿದರೆ ಲೀಟರಿಗೊಂದು ಸಲ ಎಳೆದು ಬಿಟ್ಟರೆ ಆಯಿತು. ದನ ಸಾಕುವ ಮನೆಯಲ್ಲಿ 50 ಮಿಲಿಯದು ಇದ್ದರೆ ಇನ್ನೂ ಸುಲಭ. ಅದನ್ನು ಎಣ್ಣೆಗೇ ಮೀಸಲಿಟ್ಟು ಗುರುತು ಹಾಕಿಡಬೇಕು.

ಕಲಸುವುದು ಟ್ಯಾಂಕಿನಲ್ಲಲ್ಲ, ಕ್ಯಾನಿನಲ್ಲಿ. ಟ್ಯಾಂಕಿಗೆ ಪೆಟ್ರೋಲ್ ಹಾಕಿ ಮೇಲೆ ಎಣ್ಣೆ ಸುರಿದರೆ ಎಣ್ಣೆ ತೂಕಕ್ಕೆ ಕೆಳಗೆ ಇಳಿದು ಹೀರುವ ಪೈಪಿನ ಬಾಯಿಗೇ ಕೂರುತ್ತದೆ. ಮೊದಲ ಐದು ನಿಮಿಷ ಎಂಜಿನ್ ಎಣ್ಣೆಯಲ್ಲಿ ಉಸಿರುಗಟ್ಟಿ, ಆಮೇಲೆ ಎಣ್ಣೆ ಸಾಲದೆ ಓಡುತ್ತದೆ. ಒಣಗಿದ, ಶುಚಿಯಾದ ಕ್ಯಾನಿಗೆ ಎರಡು ಲೀಟರ್ ಪೆಟ್ರೋಲ್ ಹಾಕಿ, 80 ಮಿಲಿ ಎಣ್ಣೆ ಬಿಟ್ಟು, ಮುಚ್ಚಿ ಚೆನ್ನಾಗಿ ಕುಲುಕಬೇಕು. ಉಳಿದ ಎರಡು ಲೀಟರ್ ಸೇರಿಸಿ ಮತ್ತೆ ಕುಲುಕಬೇಕು. ಪ್ರತಿ ಸಲ ಟ್ಯಾಂಕು ತುಂಬುವ ಮುನ್ನವೂ ಒಮ್ಮೆ ಕುಲುಕಿಕೊಳ್ಳಬೇಕು. ಕುಲುಕಿದ ಕ್ಯಾನಿನೊಳಗೆ ಒತ್ತಡ ಕಟ್ಟಿರುತ್ತದೆ, ಮುಚ್ಚಳವನ್ನು ನಿಧಾನ ಸಡಿಲಿಸಬೇಕು. ಎಂಜಿನ್ ಆರುವವರೆಗೆ ಕಾಯದೆ ಟ್ಯಾಂಕು ತುಂಬುವುದು ಬೆಂಕಿಯ ಜೊತೆ ಆಟ. ಕಾದ ಸೈಲೆನ್ಸರಿಗೂ ಟ್ಯಾಂಕಿಗೂ ನಡುವೆ ಗೇಣು ದೂರವೂ ಇರುವುದಿಲ್ಲ.

ಈ ಮನೆಯಲ್ಲಿ ಕ್ಯಾನುಗಳು ಎರಡು ಇರಲೇಬೇಕು, ಬಣ್ಣ ಬೇರೆ ಬೇರೆ ಆಗಿರಬೇಕು. ಟೂ ಸ್ಟ್ರೋಕ್ ಎಣ್ಣೆಗೆ ತಯಾರಕರು ನೀಲಿಯೋ ಹಸಿರೋ ಕೆಂಪೋ ಬಣ್ಣ ಬೆರೆಸಿರುತ್ತಾರೆ, ನಿಜ. ಆದರೆ ಬಣ್ಣ ‘ಎಣ್ಣೆ ಇದೆ’ ಎಂದಷ್ಟೇ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಕ್ಯಾನಿನಲ್ಲಿರುವುದು ಯಾವುದು ಎಂಬ ಅನುಮಾನ ಬಂದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೆರಳಿನಲ್ಲಿ ಇಡಬಹುದು. ಬರಿ ಪೆಟ್ರೋಲಾದರೆ ಸ್ವಲ್ಪ ಹೊತ್ತಿನಲ್ಲಿ ಹಾರಿಹೋಗಿ ಕಾಗದ ಮೊದಲಿನಂತಾಗುತ್ತದೆ. ಮಿಶ್ರಣವಾದರೆ ಬಜ್ಜಿ ಇಟ್ಟ ಕಾಗದದ ಹಾಗೆ ಜಿಡ್ಡಿನ ವೃತ್ತ ಉಳಿಯುತ್ತದೆ.

ಅದಲುಬದಲಾದರೆ ಏನಾಗುತ್ತದೆ? ಎರಡೂ ತಪ್ಪುಗಳ ಬೆಲೆ ಒಂದೇ ಅಲ್ಲ. ಮಿಶ್ರಣವನ್ನು ಜಿಎಕ್ಸ್35ಕ್ಕೆ ಹಾಕಿದರೆ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಬಹಳ ದಿನ ಹಾಗೇ ಓಡಿಸಿದರೆ ಮಸಿ ಕಟ್ಟುತ್ತದೆ. ಟ್ಯಾಂಕು ಬರಿದು ಮಾಡಿ ಹೊಸ ಪೆಟ್ರೋಲ್ ಹಾಕಿ, ಪ್ಲಗ್ ಒರೆಸಿದರೆ ಸರಿಹೋಗುತ್ತದೆ. ಬರಿ ಪೆಟ್ರೋಲನ್ನು ಟೂ ಸ್ಟ್ರೋಕಿಗೆ ಹಾಕಿದರೆ ಒಂದು ಟ್ಯಾಂಕು ಮುಗಿಯುವ ಮೊದಲೇ ಎಂಜಿನ್ ಹಾಳಾಗಬಹುದು. ಅದು ನಿಲ್ಲುವ ಮುನ್ನ ಸೂಚನೆ ಕೊಡುತ್ತದೆ. ಸದ್ದು ತೆಳುವಾಗಿ ಕೀರಲು ಹಿಡಿಯುತ್ತದೆ, ಹುಲ್ಲಿಗೆ ತಗುಲಿಸಿದರೆ ಯಾರೋ ಬ್ರೇಕ್ ಹಿಡಿದಂತೆ ಸೋಲುತ್ತದೆ, ಎಕ್ಸಿಲರೇಟರ್ ಬಿಟ್ಟರೂ ಸುತ್ತು ಇಳಿಯುವುದಿಲ್ಲ. ಆ ಕ್ಷಣ ಸ್ವಿಚ್ಚು ಆರಿಸಿದರೆ ಉಳಿಯುವ ಸಾಧ್ಯತೆ ಇದೆ. ‘ಇನ್ನೊಂದು ಸಾಲು ಮುಗಿಸಿಬಿಡೋಣ’ ಎಂದರೆ ಇಲ್ಲ.

ಎಣ್ಣೆ ಹೆಚ್ಚಾದರೆ? 50:1ರ ಯಂತ್ರಕ್ಕೆ 25:1 ಹಾಕಿದರೆ ತಕ್ಷಣ ಏನೂ ಕೆಡುವುದಿಲ್ಲ. ನೀಲಿ ಹೊಗೆ, ಒದ್ದೆ ಪ್ಲಗ್, ಸೈಲೆನ್ಸರಿನಿಂದ ಕಪ್ಪು ಜಿನುಗು, ಕೆಲ ತಿಂಗಳಲ್ಲಿ ಹೊಗೆಕಿಂಡಿಯಲ್ಲೂ ಸೈಲೆನ್ಸರಿನ ಬಾಯಿಯ ಜಾಲರಿಯಲ್ಲೂ ಮಸಿ ಕಟ್ಟಿ ಶಕ್ತಿ ಇಳಿಯುತ್ತದೆ. ಜಾಲರಿ ಬಿಚ್ಚಿ ತೊಳೆದರೆ ಹಲವು ‘ಸೋತ’ ಯಂತ್ರಗಳು ಮತ್ತೆ ಚುರುಕಾಗುತ್ತವೆ. ಕೈಪಿಡಿಯೇ ಇಲ್ಲದ, ಹೆಸರಿಲ್ಲದ ಯಂತ್ರ ಕೈಗೆ ಬಂದರೆ 25:1ರ ಕಡೆಗೆ ವಾಲುವುದೇ ಕ್ಷೇಮ. ಮಸಿಯನ್ನು ಕೆರೆದು ತೆಗೆಯಬಹುದು, ಪಿಸ್ಟನ್ನಿನ ಗೀರನ್ನು ಹಾಗೆ ಅಳಿಸಲಾಗದು.

ಫೋರ್ ಸ್ಟ್ರೋಕಿನ ಕಡೆಗೆ ಬಂದರೆ ಅಲ್ಲಿ ಮರೆವೇ ಶತ್ರು. ಜಿಎಕ್ಸ್35ರ ಎಣ್ಣೆ ತೊಟ್ಟಿ ಹಿಡಿಯುವುದು ಬರೀ 100 ಮಿಲಿ, ಒಂದು ಸಣ್ಣ ಲೋಟ ಚಹಾದಷ್ಟು. ಅದರಲ್ಲಿ 20 ಮಿಲಿ ಸುಟ್ಟುಹೋದರೂ ಐದನೇ ಒಂದು ಪಾಲು ಹೋದಂತೆ. ಕಾರಿನ ಹಾಗೆ ತಿಂಗಳಿಗೊಮ್ಮೆ ನೋಡಿದರೆ ಸಾಲದು. ಪ್ರತಿ ದಿನ ಹಗ್ಗ ಎಳೆಯುವ ಮೊದಲು ಯಂತ್ರವನ್ನು ಸಮತಟ್ಟಾಗಿ ಇಟ್ಟು, ಮುಚ್ಚಳ ತೆಗೆದು, ಎಣ್ಣೆ ಕತ್ತಿನ ಅಂಚಿನವರೆಗೆ ಇದೆಯೇ ನೋಡಬೇಕು. ಹಾಕಬೇಕಾದ್ದು 10ಡಬ್ಲ್ಯೂ-30 ಎಂಜಿನ್ ಆಯಿಲ್. ಹೊಸ ಎಂಜಿನ್ನಿಗೆ ಮೊದಲ ಹತ್ತು ಗಂಟೆಗೆ ಒಮ್ಮೆ, ಆಮೇಲೆ ಐವತ್ತು ಗಂಟೆಗೆ ಅಥವಾ ಆರು ತಿಂಗಳಿಗೆ ಒಮ್ಮೆ ಬದಲಿಸಬೇಕು. ದಿನಕ್ಕೆ ನಾಲ್ಕು ಗಂಟೆ ಓಡುವ ಮೇಲಿನ ತೋಟದಲ್ಲಿ ಐವತ್ತು ಗಂಟೆ ಎಂದರೆ ಹದಿಮೂರು ದಿನದ ಕೆಲಸ! ಬೇಕಾದ್ದು ನೂರೇ ಮಿಲಿ, ಒಂದು ಲೀಟರ್ ಡಬ್ಬಿ ಹತ್ತು ಸಲಕ್ಕೆ ಬರುತ್ತದೆ. ಎಂಜಿನ್ ಬೆಚ್ಚಗಿರುವಾಗ ಮುಚ್ಚಳ ತೆಗೆದು ಓರೆ ಮಾಡಿ ಹಳೆಯದನ್ನು ಡಬ್ಬಿಗೆ ಇಳಿಸಿದರೆ ಕೊಳೆಯೂ ಜೊತೆಗೇ ಇಳಿಯುತ್ತದೆ.

ಜಾಸ್ತಿ ಇದ್ದರೆ ಒಳ್ಳೆಯದೆಂದು ತುಳುಕುವಷ್ಟು ತುಂಬುವುದೂ ತಪ್ಪು. ಹೆಚ್ಚಿನ ಎಣ್ಣೆ ಉಸಿರು ಕೊಳವೆಯ ಮೂಲಕ ಏರ್ ಫಿಲ್ಟರಿಗೆ ಬಂದು ಸ್ಪಂಜನ್ನು ತೋಯಿಸುತ್ತದೆ, ಎಂಜಿನ್ ದಟ್ಟ ಹೊಗೆ ಉಗುಳುತ್ತದೆ. ಜಿಎಕ್ಸ್35ರಂಥ ಕೈಯಲ್ಲಿ ಹಿಡಿಯುವ ಎಂಜಿನ್ನುಗಳನ್ನು ಯಾವ ಕಡೆಗೆ ವಾಲಿಸಿದರೂ ಓಡುವಂತೆ ಮಾಡಿದ್ದಾರೆ. ಆದರೆ ನಗರದ ಮನೆಯಂಗಳದಲ್ಲಿ ತಳ್ಳುವ ನಾಲ್ಕು ಚಕ್ರದ ಲಾನ್ ಮೋವರ್ ಹಾಗಲ್ಲ. ಅದರ ಅಡಿಗೆ ಮೆತ್ತಿದ ಹುಲ್ಲು ಕೆರೆಯಲು ವಾಲಿಸುವಾಗ ಕಾರ್ಬುರೇಟರ್ ಮತ್ತು ಏರ್ ಫಿಲ್ಟರ್ ಇರುವ ಮಗ್ಗುಲು ಮೇಲೆ ಬರುವಂತೆ ವಾಲಿಸಬೇಕು, ಪ್ಲಗ್ಗಿನ ವೈರ್ ಮೊದಲೇ ಕಳಚಿರಬೇಕು. ಇಲ್ಲವಾದರೆ ಎಣ್ಣೆ ಫಿಲ್ಟರಿಗೆ ಹರಿದು ಮರುದಿನ ಯಂತ್ರ ಹತ್ತುವುದಿಲ್ಲ.

ಎಣ್ಣೆಯ ಮಾತು ಇಷ್ಟು. ಈಗ ಪೆಟ್ರೋಲೇ ಬದಲಾಗಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುವ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಈಗ ಊರ ಬಂಕುಗಳಲ್ಲಿ ಸಿಗುವುದೇ ಅದು. ತೋಟದ ಶೆಡ್ಡಿನಲ್ಲಿರುವ ಬಹಳಷ್ಟು ಹಳೆಯ ಕಳೆ ಯಂತ್ರಗಳ ಕೈಪಿಡಿಗಳಾದರೋ ಎಥನಾಲ್ ನೂರಕ್ಕೆ ಹತ್ತನ್ನು ಮೀರಬಾರದು ಎನ್ನುತ್ತವೆ. ‘ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಸರಿ’ ಎಂಬ ಮಾತಿಗೂ ಆಧಾರ ಸಾಲದು. ಪ್ರೀಮಿಯಂ ಎಂಬುದು ಆಕ್ಟೇನಿನ ವಿಷಯ, ಎಥನಾಲ್ ಎಷ್ಟಿದೆ ಎಂಬುದು ಬೇರೆಯೇ ವಿಷಯ.

ಎಥನಾಲಿನಿಂದ ಮೂರು ಕಡೆ ಪೆಟ್ಟು ಬೀಳುತ್ತದೆ. ಮೊದಲನೆಯದು ಕಾವು. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದು ಸುಡಲು ಗಾಳಿ ಕಡಿಮೆ ಸಾಕು, ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಕಳೆ ಯಂತ್ರದ ಕಾರ್ಬುರೇಟರಿನ ಕಿಂಡಿ ಇದ್ದಷ್ಟೇ. ಇ10ಕ್ಕೆ ಹೊಂದಿಸಿದ ಎಂಜಿನ್ ಇ20ರಲ್ಲಿ ನೂರಕ್ಕೆ ಸುಮಾರು ನಾಲ್ಕರಷ್ಟು ‘ತೆಳು’ ಮಿಶ್ರಣದಲ್ಲಿ ಓಡುತ್ತದೆ. ತೆಳು ಮಿಶ್ರಣ ಎಂದರೆ ಹೆಚ್ಚು ಬಿಸಿ, ಟೂ ಸ್ಟ್ರೋಕಿನಲ್ಲಿ ಸಿಲಿಂಡರಿಗೆ ತಲುಪುವ ಎಣ್ಣೆಯೂ ಅಷ್ಟು ಕಡಿಮೆ. ಇದನ್ನು ಹೇಳುವುದು ಪ್ಲಗ್ಗು. ಒಂದು ಟ್ಯಾಂಕು ಪೂರ್ತಿ ಹೊಡೆದ ಮೇಲೆ ಪ್ಲಗ್ ಬಿಚ್ಚಿದಾಗ ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಸರಿ. ಬೆಳ್ಳಗೆ ಬೂದಿ ಬಣ್ಣಕ್ಕೆ ತಿರುಗಿದ್ದರೆ ಮಿಶ್ರಣ ತೆಳುವಾಗಿದೆ, ಕಾರ್ಬುರೇಟರಿನ ಹೈ ಸ್ಕ್ರೂ ಸ್ವಲ್ಪ ತೆರೆಸಬೇಕು. ಅದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸುವುದು ಒಳ್ಳೆಯದು. ಅರ್ಧ ಸುತ್ತು ಅತ್ತಿತ್ತ ಆದರೂ ಹೊಸ ಸಮಸ್ಯೆ ಹುಟ್ಟುತ್ತದೆ.

ಎರಡನೆಯದು ರಬ್ಬರ್. ಕಾರ್ಬುರೇಟರಿನೊಳಗಿನ ತೆಳು ಡಯಾಫ್ರಮ್, ಒತ್ತುವ ಪುಟ್ಟ ಬಲ್ಬು, ಟ್ಯಾಂಕಿನೊಳಗಿನ ಪೈಪು, ಇವು ಹಳೆಯ ಯಂತ್ರಗಳಲ್ಲಿ ಎಥನಾಲಿಗೆ ಊದಿ, ಆಮೇಲೆ ಗಡುಸಾಗುತ್ತವೆ. ಚೋಕ್ ಹಾಕಿದರೆ ಮಾತ್ರ ಓಡುವ, ಎಕ್ಸಿಲರೇಟರ್ ಕೊಟ್ಟ ಕೂಡಲೇ ಸಾಯುವ ಯಂತ್ರದಲ್ಲಿ ಬಹುತೇಕ ಸಲ ತೊಂದರೆ ಇಲ್ಲೇ.

ಮೂರನೆಯದು ನೀರು, ಮಳೆನಾಡಿಗೆ ಹೆಚ್ಚು ಹೊಂದುವ ಮಾತು ಇದು. ಬರಿ ಪೆಟ್ರೋಲಿಗೆ ನೀರು ಬಿದ್ದರೆ ನೀರು ತಳದಲ್ಲಿ ಬೇರೆಯಾಗಿ ಕೂರುತ್ತದೆ. ಎಥನಾಲ್ ಇರುವ ಪೆಟ್ರೋಲ್ ಒಂದು ಮಿತಿಯವರೆಗೆ ಆ ನೀರನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರಿನ ಜೊತೆ ಎಥನಾಲೂ ಪೆಟ್ರೋಲನ್ನು ಬಿಟ್ಟು ಕೆಳಗಿಳಿಯುತ್ತದೆ. ಐದು ಲೀಟರ್ ಇ20 ಕ್ಯಾನಿನಲ್ಲಿ ಇರುವ ಎಥನಾಲ್ ಒಂದು ಲೀಟರ್. ಹಾಗಾಗಿ ಕೆಳಗಿನ ಪದರ ಸಣ್ಣದಾಗಿರುವುದಿಲ್ಲ. ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಹೀರು ಪೈಪಿನ ತುದಿ ಇರುವುದು ತಳದಲ್ಲಿ. ಅಂದರೆ ಅಳೆದು ಸುರಿದು ಎಣ್ಣೆ ಕಲಸಿದ್ದರೂ ಎಂಜಿನ್ ಹೀರುವುದು ಎಣ್ಣೆಯಿಲ್ಲದ ನೀರು ಬೆರೆತ ಮದ್ಯಸಾರವನ್ನು. ‘ಆಯಿಲ್ ಹಾಕಿದ್ದೆನಲ್ಲ!’ ಎಂದು ಪ್ರಮಾಣ ಮಾಡಿ ಹೇಳುವವರ ಯಂತ್ರವೂ ಸೀಜ್ ಆಗುವ ಒಂದು ದಾರಿ ಇದು.

ಗಾಳಿಯ ತೇವದಿಂದಲೇ ಒಂದೆರಡು ದಿನದಲ್ಲಿ ಹೀಗಾಗುವುದಿಲ್ಲ. ಸಾಮಾನ್ಯವಾಗಿ ನೀರು ಸೇರುವುದು ಮಳೆಯಲ್ಲಿ ಮುಚ್ಚಳ ತೆರೆದು ತುಂಬುವಾಗ, ಅಂಗಳದಲ್ಲಿ ಬಿಟ್ಟ ಕ್ಯಾನಿನ ಸಡಿಲ ಮುಚ್ಚಳದಿಂದ, ಅರ್ಧ ಖಾಲಿ ಕ್ಯಾನಿನೊಳಗೆ ರಾತ್ರಿಯ ತಂಪಿಗೆ ಹನಿಗಟ್ಟುವುದರಿಂದ. ಕೆಲ ದಿನ ಇಟ್ಟ ಇಂಧನವನ್ನು ಬಳಸುವ ಮುನ್ನ ಸ್ವಲ್ಪವನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಹತ್ತು ನಿಮಿಷ ಬೆಳಕಿಗೆ ಹಿಡಿದಿಟ್ಟರೆ ಸಾಕು. ಒಂದೇ ಬಣ್ಣದಲ್ಲಿ ತಿಳಿಯಾಗಿದ್ದರೆ ಹಾಕಬಹುದು. ಮಬ್ಬಾಗಿದ್ದರೆ, ತಳದಲ್ಲಿ ಗೆರೆ ಎಳೆದಂತೆ ಬೇರೆ ಪದರ ಕಂಡರೆ ಅದನ್ನು ಎಷ್ಟು ಕುಲುಕಿದರೂ ಪ್ರಯೋಜನವಿಲ್ಲ, ಪೂರ್ತಿ ಬಿಟ್ಟುಬಿಡಬೇಕು. ಪೆಟ್ರೋಲಿಗೆ ತಾವೇ ನೀರು ಹಾಕಿ ಎಥನಾಲ್ ತೊಳೆದು ತೆಗೆಯುವ ಪ್ರಯೋಗವನ್ನು ಕೆಲವರು ಮಾಡುತ್ತಾರೆ. ಉಳಿಯುವ ಪೆಟ್ರೋಲಿನ ಆಕ್ಟೇನ್ ಇಳಿದಿರುತ್ತದೆ, ನೀರಿನ ಅಂಶ ಪೂರ್ತಿ ಹೋಗಿರುವುದಿಲ್ಲ, ಬೆಂಕಿಯ ಅಪಾಯ ಬೇರೆ. ಅದಕ್ಕಿಂತ ಇ20ಕ್ಕೆ ಒಗ್ಗುವ ಡಯಾಫ್ರಮ್, ಪೈಪುಗಳನ್ನು ಹಾಕಿಸಿ, ಇಂಧನವನ್ನು ತಾಜಾ ಇರಿಸಿಕೊಳ್ಳುವುದೇ ಸರಿಯಾದ ದಾರಿ.

ತಾಜಾ ಎಂದರೆ ಎಷ್ಟು ದಿನ? ಕಲಸಿದ ಮಿಶ್ರಣಕ್ಕೆ ತಯಾರಕರು ಸಾಮಾನ್ಯವಾಗಿ ಕೊಡುವ ಗಡುವು ಒಂದು ತಿಂಗಳು. ಮಳೆಗಾಲದಲ್ಲಿ ಒಂದೆರಡು ವಾರದ ಕೆಲಸಕ್ಕಷ್ಟೇ ಕಲಸುವುದು ಮೇಲು. ಮೇಲಿನ ತೋಟದ ಲೆಕ್ಕದಲ್ಲಿ ನಾಲ್ಕೈದು ಲೀಟರ್ ಎಂದರೆ ಒಂದು ದಿನದ ಕೆಲಸ, ಅದಕ್ಕಿಂತ ಹೆಚ್ಚು ಕಲಸಿಡುವ ಅಗತ್ಯವೇ ಬೀಳುವುದಿಲ್ಲ. ಕ್ಯಾನಿಗೆ ಕಲಸಿದ ತಾರೀಕು, ಅಳತೆ ಬರೆದ ಅಂಟು ಪಟ್ಟಿ ಹಚ್ಚಿದರೆ ಮರುದಿನ ಬೇರೆ ಆಳು ಬಂದರೂ ಗೊಂದಲವಿಲ್ಲ.

ಕೊಯ್ಲಿಗೆ ಮುಂಚಿನ ಕಳೆ ಮುಗಿದು ಯಂತ್ರ ತಿಂಗಳುಗಟ್ಟಲೆ ಅಟ್ಟ ಸೇರುವಾಗ ಎರಡೂ ಬಗೆಯ ಯಂತ್ರಕ್ಕೆ ಮಾಡಬೇಕಾದ್ದು ಒಂದೇ. ಟ್ಯಾಂಕನ್ನು ಕ್ಯಾನಿಗೆ ಬಗ್ಗಿಸಿ ಬರಿದು ಮಾಡಿ, ಬಲ್ಬನ್ನು ಒತ್ತಿ ಪೈಪಿನಲ್ಲಿ ಉಳಿದದ್ದನ್ನೂ ಟ್ಯಾಂಕಿಗೆ ವಾಪಸು ತಳ್ಳಿ ಹೊರಚೆಲ್ಲಿ, ಆಮೇಲೆ ಎಂಜಿನ್ ಚಾಲೂ ಮಾಡಿ ತಾನಾಗಿ ನಿಲ್ಲುವವರೆಗೆ ನಿಧಾನಗತಿಯಲ್ಲಿ ಬಿಡಬೇಕು. ಕಾರ್ಬುರೇಟರ್ ಒಣಗುತ್ತದೆ, ಅಂಟು ಕಟ್ಟುವುದಿಲ್ಲ. ಫೋರ್ ಸ್ಟ್ರೋಕಾದರೆ ಹಳೆಯ ಎಣ್ಣೆ ಇಳಿಸಿ ಹೊಸ 100 ಮಿಲಿ ಹಾಕಿ ಇಡಬೇಕು. ಬಳಸಿದ ಎಣ್ಣೆಯಲ್ಲಿ ಸೇರಿದ ಆಮ್ಲ ಬೇಸಿಗೆಯಿಡೀ ಬೇರಿಂಗನ್ನು ತಿನ್ನುತ್ತಿರುತ್ತದೆ. ಟೂ ಸ್ಟ್ರೋಕಾದರೆ ಪ್ಲಗ್ ಬಿಚ್ಚಿ ಅರ್ಧ ಚಮಚ ಟೂಟಿ ಎಣ್ಣೆಯನ್ನು ಸಿಲಿಂಡರಿಗೆ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ಮೆಲ್ಲಗೆ ಎಳೆದು ಪ್ಲಗ್ ಹಾಕಬೇಕು. ಮತ್ತೆ ಹೊರಗೆ ತೆಗೆದು ಚಾಲೂ ಮಾಡಿದಾಗ ಮೊದಲ ನಿಮಿಷ ಬರುವ ನೀಲಿ ಹೊಗೆ ಆ ಅರ್ಧ ಚಮಚದ್ದು. ಅದು ತಿಳಿಯಾದ ಮೇಲೆಯೇ ಬ್ಲೇಡನ್ನು ಹುಲ್ಲಿಗೆ ಕೊಡಬೇಕು.